ಗೋಳಗುಮ್ಮಟದ ಫೋಟೋ ಉಳಿಯುತ್ತದೆ, ಲಗ್ನಪತ್ರಿಕೆ ಯಾಕೆ ಕೆಡುತ್ತದೆ?

ಮದುವೆ ಸೀಸನ್ನಿನಲ್ಲಿ ವಿಜಯಪುರದ ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಣ್ಣಾರ, ಪತ್ರಿಕೆ ವಾಟ್ಸಾಪ್‌ದಾಗ ಐತ್ರಿ. ಇದನ್ನ ದೊಡ್ಡದು ಮಾಡಿ ಫ್ಲೆಕ್ಸ್ ಹಾಕಿ ಕೊಡ್ರಿ." ಆಪರೇಟರ್ ತಿರುಗಿ ಕೇಳುವುದೂ ಒಂದೇ ಪ್ರಶ್ನೆ: "ಒರಿಜಿನಲ್ ಫೈಲ್ ಐತೇನ್ರಿ?"

ಬಂದವರಿಗೆ ಈ ಪ್ರಶ್ನೆ ವಿಚಿತ್ರ ಅನಿಸುತ್ತದೆ. ಫೋನಿನಲ್ಲಿ ಕಾಣುತ್ತಿರುವುದೇ ಪತ್ರಿಕೆ ಅಲ್ವಾ? ಮೇಲಾಗಿ, ಇದೇ ವಾಟ್ಸಾಪ್‌ನಲ್ಲಿ ಬಂದ ಗೋಳಗುಮ್ಮಟದ ಫೋಟೋವನ್ನು ಹೋದ ವರ್ಷ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿದ್ದಾರೆ. ಅದು ಚೆನ್ನಾಗಿಯೇ ಬಂದಿದೆ. ಪತ್ರಿಕೆ ಮಾತ್ರ ಅಕ್ಷರಗಳ ಸುತ್ತ ಮಸಿ ಮೆತ್ತಿಕೊಂಡ ಹಾಗೆ ಬರುತ್ತದೆ. ಫೋನು ಅದೇ, ಆ್ಯಪು ಅದೇ, ಫೈಲಿನ ಜಾತಿಯೂ ಅದೇ ಜೆಪೆಗ್. ಹಾಗಾದರೆ ಒಂದು ಉಳಿದು ಇನ್ನೊಂದು ಕೆಡುವುದು ಯಾಕೆ? ಲಾಸಿ ಮತ್ತು ಲಾಸ್‌ಲೆಸ್ ಅಂದರೆ ಏನು ಅಂತ ತಿಳಿಯಲು ಈ ಒಂದು ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಸಾಕು.

ಫೈಲನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವುದು ಎರಡು ಥರ. ಇಳಕಲ್ ಸೀರೆಯನ್ನು ಮಡಚಿ ಇಟ್ಟರೆ ಜಾಗ ಕಡಿಮೆ ಹಿಡಿಯುತ್ತದೆ, ಬಿಚ್ಚಿದರೆ ಅದೇ ಸೀರೆ. ಜಾಗ ಸಾಲದು ಅಂತ ಸೆರಗಿನ ಅಂಚು ಕತ್ತರಿಸಿ ಇಟ್ಟರೆ, ಬಿಚ್ಚಿದಾಗ ಸೀರೆಯ ಹಾಗೇ ಕಂಡರೂ ಕತ್ತರಿಸಿದ್ದು ಮರಳಿ ಬರುವುದಿಲ್ಲ. ಮಡಚುವುದು ಲಾಸ್‌ಲೆಸ್, ಕತ್ತರಿಸುವುದು ಲಾಸಿ. ಲಾಸಿ ವಿಧಾನದ ಜಾಣತನ ಇರುವುದು ಎಲ್ಲಿ ಕತ್ತರಿಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ಹುಡುಕುವುದರಲ್ಲಿ. ಆ ಲೆಕ್ಕ ಫೋಟೋಗೆ ಸರಿಹೋಗುತ್ತದೆ, ಅಕ್ಷರಕ್ಕೆ ಸರಿಹೋಗುವುದಿಲ್ಲ.

ಏನೂ ಕಳೆಯದೆ ಚಿಕ್ಕದಾಗುವುದು ಹೇಗೆ?

ಬಿಚ್ಚಿದರೆ ಎ4 ಹಾಳೆಯಷ್ಟಾಗುವ ಒಂದು ಲಗ್ನಪತ್ರಿಕೆ ಇದೆ ಅಂತ ಇಟ್ಟುಕೊಳ್ಳಿ. ಅದನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಚಿತ್ರ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಪಿಕ್ಸೆಲ್ ಆಗುತ್ತದೆ. ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ, ಅಂದರೆ ಮೂರು ಬೈಟ್. ಹಾಗೇ ಬರೆದಿಟ್ಟರೆ ಫೈಲು 26 ಎಂಬಿ ಆಗುತ್ತದೆ.

ಆದರೆ ಪತ್ರಿಕೆಯ ಬಹಳಷ್ಟು ಸಾಲುಗಳಲ್ಲಿ ಬರೀ ಖಾಲಿ ಹಾಳೆ ಇರುತ್ತದೆ. "ಬಿಳಿ, ಬಿಳಿ, ಬಿಳಿ" ಅಂತ 2480 ಸಲ ಬರೆಯುವ ಬದಲು "ಬಿಳಿ, 2480 ಸಲ" ಅಂತ ಬರೆದರೆ ಅರ್ಥ ಒಂದೇ. ಪಿಎನ್‌ಜಿ ಅನ್ನುವ ಲಾಸ್‌ಲೆಸ್ ಚಿತ್ರರೂಪ ಮಾಡುವುದು ಹೆಚ್ಚುಕಮ್ಮಿ ಇದನ್ನೇ, ಇನ್ನೂ ಸ್ವಲ್ಪ ಚುರುಕಾಗಿ. ಪ್ರತಿ ಪಿಕ್ಸೆಲ್ ತನ್ನ ಪಕ್ಕದ ಅಥವಾ ಮೇಲಿನ ಪಿಕ್ಸೆಲ್‌ಗಿಂತ ಎಷ್ಟು ಬೇರೆ ಅಂತ ಬರೆದುಕೊಂಡು, ಆಮೇಲೆ ಜಿಪ್ ಫೈಲಿನಲ್ಲಿರುವ ವಿಧಾನದಿಂದಲೇ ಅದನ್ನು ಒತ್ತುತ್ತದೆ. ಪತ್ರಿಕೆಯಂಥ ಚಿತ್ರಕ್ಕೆ ಇದು ಹೇಳಿ ಮಾಡಿಸಿದ ದಾರಿ. ಒಂದೇ ಬಣ್ಣ ಬಹಳ ದೂರ ಹರಡಿದ್ದರೆ ಫೈಲು ಚಿಕ್ಕದಾಗುತ್ತದೆ, ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ.

ಗೋಳಗುಮ್ಮಟದ ಫೋಟೋವನ್ನು ಹೀಗೇ ಪಿಎನ್‌ಜಿ ಮಾಡಿ ನೋಡಿ, ಫೈಲು ದೊಡ್ಡದಾಗಿಯೇ ಉಳಿಯುತ್ತದೆ. ಕಣ್ಣಿಗೆ ಒಂದೇ ಬಣ್ಣದಂತೆ ಕಾಣುವ ಆಕಾಶದಲ್ಲೂ ಪಕ್ಕಪಕ್ಕದ ಎರಡು ಪಿಕ್ಸೆಲ್ ಪೂರ್ತಿ ಒಂದೇ ಇರುವುದು ಕಡಿಮೆ. ಕ್ಯಾಮೆರಾ ಸೆನ್ಸರಿನ ಸಣ್ಣ ಗದ್ದಲ ಎಲ್ಲ ಕಡೆ ಸೇರಿರುತ್ತದೆ. ಹಳೆಯ ಕಲ್ಲಿನ ಗೋಡೆಯಲ್ಲಂತೂ ಕೇಳುವುದೇ ಬೇಡ. "ಇಷ್ಟು ಸಲ ಇದೇ" ಅಂತ ಹೇಳಲು ಏನೂ ಸಿಗುವುದಿಲ್ಲ. ಅದಕ್ಕಾಗಿಯೇ ಫೋಟೋಗಳಿಗೆ ಬೇರೆ ದಾರಿ ಬೇಕಾಯಿತು. 1992ರಲ್ಲಿ ಜೆಪೆಗ್ ಸ್ಟ್ಯಾಂಡರ್ಡ್ ಬಂದಿದ್ದು ಆ ಕೆಲಸಕ್ಕೆ.

ಒಂದು ಪರಿವರ್ತನೆ ಲಾಸ್‌ಲೆಸ್ ಹೌದೋ ಅಲ್ಲವೋ ಅಂತ ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ. ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಮೂರು ಸಾಲಿನಲ್ಲಿ ಪರೀಕ್ಷೆ ಮಾಡಬಹುದು. ಪಿಎನ್‌ಜಿಯನ್ನು ಟಿಫ್ ಅನ್ನುವ ಇನ್ನೊಂದು ಚಿತ್ರರೂಪ ಮಾಡಿ, ಅದನ್ನು ಮತ್ತೆ ಪಿಎನ್‌ಜಿ ಮಾಡಿ, ಎರಡನ್ನೂ ಹೋಲಿಸುವುದು:

```
magick card.png card.tif
magick card.tif card2.png
magick compare -metric AE card.png card2.png null:
```

ಕೊನೆಯ ಸಾಲು ಎಷ್ಟು ಪಿಕ್ಸೆಲ್ ಬೇರೆಯಾಗಿವೆ ಅಂತ ಹೇಳುತ್ತದೆ. ಇಲ್ಲಿ 0 ಬರಬೇಕು. `card.tif` ಇರುವ ಎರಡೂ ಕಡೆ `card.jpg` ಅಂತ ಬರೆದು ಮತ್ತೆ ಮಾಡಿ ನೋಡಿ, ದೊಡ್ಡ ಸಂಖ್ಯೆಯೇ ಬರುತ್ತದೆ. ಕೊನೆಯ ಫೈಲು ಈಗಲೂ ಪಿಎನ್‌ಜಿಯೇ, ಆದರೆ ನಡುವೆ ಒಮ್ಮೆ ಜೆಪೆಗ್ ಆಗಿ ಬಂದಿದೆ. ಅಷ್ಟು ಸಾಕು ಕೆಡಲು. ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ನೋಡಿ ಗುಣಮಟ್ಟ ಹೇಳಲು ಬರುವುದಿಲ್ಲ.

ಜೆಪೆಗ್ ಒಳಗೆ ಏನಾಗುತ್ತದೆ?

ಜೆಪೆಗ್ ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡುತ್ತದೆ. ನಮ್ಮ ಕಣ್ಣು ಕತ್ತಲೆ ಬೆಳಕಿನ ವ್ಯತ್ಯಾಸವನ್ನು ಚೂಪಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟು ಚೂಪಾಗಿ ಹಿಡಿಯುವುದಿಲ್ಲ. ಆದ್ದರಿಂದ ಬೆಳಕನ್ನು ಪೂರ್ತಿ ಇಟ್ಟುಕೊಂಡು, ಬಣ್ಣವನ್ನು ಬಹಳ ಸಲ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಉಳಿಸಿಕೊಳ್ಳುತ್ತದೆ.

ಫೋಟೋದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಪತ್ರಿಕೆಯಲ್ಲಿ ಗೊತ್ತಾಗುತ್ತದೆ. ಕಡು ಹಸಿರು ಅಂಚಿನ ಮೇಲೆ ಕೆಂಪು ಅಕ್ಷರ ಇಟ್ಟ ಪತ್ರಿಕೆಗಳನ್ನು ನೀವು ನೋಡಿರುತ್ತೀರಿ. ಜೆಪೆಗ್ ಲೆಕ್ಕದಲ್ಲಿ ಅಪ್ಪಟ ಕೆಂಪಿನ ಬೆಳಕು 255ಕ್ಕೆ 76. ಹಸಿರನ್ನು 130ರ ಮಟ್ಟಕ್ಕೆ ಇಟ್ಟರೆ ಅದರ ಬೆಳಕೂ 76. ಅಂದರೆ ಬೆಳಕಿನ ಚಿತ್ರದಲ್ಲಿ ಅಕ್ಷರವೇ ಇಲ್ಲ! ಅಕ್ಷರ ಇರುವುದು ಬರೀ ಬಣ್ಣದಲ್ಲಿ, ಆ ಬಣ್ಣ ಉಳಿದಿರುವುದು ನಾಲ್ಕಕ್ಕೆ ಒಂದು. ಅಂಚಿನಲ್ಲಿ ಬಣ್ಣ ಸೋರಿ ಕಂದು ಕಲೆಯಾಗುವುದು ಇದಕ್ಕೇ. ಬಿಳಿ ಮೇಲೆ ಕಪ್ಪು ಅಕ್ಷರಕ್ಕೆ ಈ ತೊಂದರೆ ಇಲ್ಲ.

ಆಮೇಲೆ ಜೆಪೆಗ್ ಇಡೀ ಚಿತ್ರವನ್ನು ಅಡ್ಡ 8, ಉದ್ದ 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕದ 64 ಪಿಕ್ಸೆಲ್‌ಗಳನ್ನು ಬೇರೆ 64 ಸಂಖ್ಯೆಗಳಾಗಿ ಬರೆಯುತ್ತದೆ. ಮೊದಲ ಸಂಖ್ಯೆ ಚೌಕದ ಸರಾಸರಿ ಬೆಳಕು. ನಂತರದವು ನಿಧಾನದ ಏರಿಳಿತ. ಕೊನೆಯ ಕಡೆಯವು ಒಂದು ಪಿಕ್ಸೆಲ್‌ನಿಂದ ಪಕ್ಕದ್ದಕ್ಕೆ ಥಟ್ಟನೆ ಆಗುವ ಬದಲಾವಣೆ. ಈ ಹೆಜ್ಜೆಯಲ್ಲಿ ಲೆಕ್ಕದ ರೂಪ ಬದಲಾಗಿದೆ, ಹೇಳಿಕೊಳ್ಳುವಂಥದ್ದು ಏನೂ ಕಳೆದಿಲ್ಲ.

ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ಸಂಖ್ಯೆಯನ್ನೂ ಒಂದು ಗೊತ್ತಾದ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದುಬಿಡುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಕೊಟ್ಟಿರುವ ಮಾದರಿ ಪಟ್ಟಿಯಲ್ಲಿ ಮೊದಲ ಭಾಜಕ 16, ಕಟ್ಟಕಡೆಯದು 99. ಮೊದಲ ಸಂಖ್ಯೆ 37 ಇತ್ತು ಅನ್ನಿ. 16ರಿಂದ ಭಾಗಿಸಿದರೆ 2.3, ಬರೆದುಕೊಳ್ಳುವುದು 2. ಫೈಲು ತೆರೆದಾಗ 2ನ್ನು 16ರಿಂದ ಗುಣಿಸಿ 32 ಅನ್ನುತ್ತದೆ. 37 ಇದ್ದದ್ದು 32 ಆಯಿತು, ಪರವಾಗಿಲ್ಲ. ಕೊನೆಯ ಸಂಖ್ಯೆ 45 ಇತ್ತು ಅನ್ನಿ. 99ರಿಂದ ಭಾಗಿಸಿದರೆ 0.45, ಬರೆದುಕೊಳ್ಳುವುದು 0. ತೆರೆದಾಗಲೂ 0. ಅದು ಹೋಯಿತು. ಅಲ್ಲಿ 45 ಇತ್ತೋ, 20 ಇತ್ತೋ, 3 ಇತ್ತೋ ಅಂತ ಹೇಳುವ ಯಾವ ಗುರುತೂ ಫೈಲಿನಲ್ಲಿ ಉಳಿಯುವುದಿಲ್ಲ. ಆದ್ದರಿಂದಲೇ ಯಾವ ಕನ್ವರ್ಟರ್ ಹಾಕಿದರೂ ಅದನ್ನು ವಾಪಸ್ ತರಲಾಗದು.

ಸೇವ್ ಮಾಡುವಾಗ ಕೇಳುವ "ಕ್ವಾಲಿಟಿ" ಅಂದರೆ ಈ ಭಾಜಕಗಳನ್ನು ದೊಡ್ಡದು ಚಿಕ್ಕದು ಮಾಡುವುದು, ಅಷ್ಟೇ. ಬಹಳ ಸಾಫ್ಟ್‌ವೇರ್‌ಗಳು ಬಳಸುವ ಲೆಕ್ಕದಲ್ಲಿ ಮೇಲಿನ ಪಟ್ಟಿ ಕ್ವಾಲಿಟಿ 50ರದ್ದು. 90ಕ್ಕೆ ಏರಿಸಿದರೆ 16 ಇದ್ದದ್ದು 3 ಆಗುತ್ತದೆ, 99 ಇದ್ದದ್ದು 20. ಆಗ ನಮ್ಮ 45 ಸಾಯುವುದಿಲ್ಲ, 40 ಆಗಿ ಉಳಿಯುತ್ತದೆ. ಎಲ್ಲರೂ ಇದೇ ಅಳತೆ ಬಳಸುವುದಿಲ್ಲ, ಫೋಟೋಶಾಪ್ ತನ್ನದೇ 0ರಿಂದ 12ರ ಅಳತೆ ಇಟ್ಟುಕೊಂಡಿದೆ. ಹಾಗಾಗಿ ಒಂದು ಸಾಫ್ಟ್‌ವೇರಿನ 80 ಇನ್ನೊಂದರ 80 ಅಲ್ಲ.

ಈಗ ಗೋಳಗುಮ್ಮಟಕ್ಕೆ ಬನ್ನಿ. ಆಕಾಶದ ಒಂದು ಚೌಕದಲ್ಲಿ ಸರಾಸರಿ ಬೆಳಕು ಬಿಟ್ಟರೆ ಉಳಿದ ಸಂಖ್ಯೆಗಳು ತೀರ ಚಿಕ್ಕವು. ಅವು ಸೊನ್ನೆಯಾದರೆ ಆಕಾಶದ ಗದ್ದಲ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಗೋಡೆಯ ಕಲ್ಲಿನಲ್ಲಿ ಕೆಲವು ಚುಕ್ಕೆ ಹೋದರೆ ಯಾರೂ ಎಣಿಸುವುದಿಲ್ಲ. ಅಕ್ಷರದ ಚೌಕ ಹಾಗಲ್ಲ. ಬಿಳಿಯಿಂದ ಕಪ್ಪಿಗೆ ಒಂದೇ ಪಿಕ್ಸೆಲ್‌ನಲ್ಲಿ ಜಿಗಿಯುವ ಅಂಚನ್ನು ಬರೆಯಲು 64 ಸಂಖ್ಯೆಗಳಲ್ಲಿ ಬಹಳಷ್ಟು ಬೇಕು. ಕೊನೆಯ ಕಡೆಯವನ್ನು ಕಿತ್ತು ಹಾಕಿದರೆ ಜಿಗಿತ ಸಪಾಟಾಗುತ್ತದೆ. ಜೊತೆಗೆ ಅದರ ಅಲೆ ಆ ಚೌಕದ ಖಾಲಿ ಬಿಳಿ ಭಾಗಕ್ಕೂ ಹರಡುತ್ತದೆ. ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದಂತೆ ಕಾಣುವ ಬೂದು ಚುಕ್ಕೆಗಳು ಇವೇ. ಫೈಲನ್ನು 400%ಗೆ ಹಿಗ್ಗಿಸಿ ನೋಡಿ. ಬಿಳಿ ಹಾಳೆಯ ಮಧ್ಯದಲ್ಲಿ ಚುಕ್ಕೆ ಇಲ್ಲ, ಅಕ್ಷರದ ಅಕ್ಕಪಕ್ಕ ಮಾತ್ರ ಇವೆ ಅಂದರೆ ಅದು ಜೆಪೆಗ್ ಹಾದು ಬಂದ ಚಿತ್ರ, ಹೆಸರು ಏನೇ ಇರಲಿ.

ಪತ್ರಿಕೆಯ ಪ್ರಯಾಣ

ಪತ್ರಿಕೆ ಹುಟ್ಟುವುದು ಸಾಮಾನ್ಯವಾಗಿ ಕೋರಲ್‌ಡ್ರಾದಲ್ಲಿ, ಸಿಡಿಆರ್ ಫೈಲಾಗಿ. ಅದರಲ್ಲಿ ಪಿಕ್ಸೆಲ್ ಇಲ್ಲ. "ಇಲ್ಲಿಂದ ಇಲ್ಲಿಗೆ ಹೀಗೆ ಬಾಗುವ ಗೆರೆ, ಒಳಗೆ ಕೆಂಪು" ಅನ್ನುವ ಸೂಚನೆಗಳಿವೆ. ಇದನ್ನು ವೆಕ್ಟರ್ ಅನ್ನುತ್ತಾರೆ. ವಿಸಿಟಿಂಗ್ ಕಾರ್ಡಿಗೂ ಇದೇ ಫೈಲು, 20 ಅಡಿ ಫ್ಲೆಕ್ಸಿಗೂ ಇದೇ ಫೈಲು.

ಮನೆಯವರಿಗೆ ತೋರಿಸಲು ಆಪರೇಟರ್ ಅದನ್ನು ಜೆಪೆಗ್ ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಈ ಮೊದಲ ಹೆಜ್ಜೆಯಲ್ಲೇ, ಆದರೆ ಕಣ್ಣಿಗೆ ಕಾಣುವುದಿಲ್ಲ. ಗೆರೆಗಳೆಲ್ಲ ಚುಕ್ಕೆಗಳಾದವು. ಇನ್ನು ಮುಂದೆ ಚಿತ್ರಕ್ಕೆ ಒಂದು ಗೊತ್ತಾದ ಅಳತೆ ಇದೆ, ಅದನ್ನು ದಾಟಿ ಹಿಗ್ಗುವುದಿಲ್ಲ. ಪಿಎನ್‌ಜಿ ಮಾಡಿದ್ದರೂ ಇದೇ ಕಥೆ. ಪಿಎನ್‌ಜಿ ತನಗೆ ಸಿಕ್ಕ ಪಿಕ್ಸೆಲ್‌ಗಳನ್ನು ಕಾಪಾಡುತ್ತದೆ, ಗೆರೆಗಳನ್ನಲ್ಲ.

ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯಿತು ಅನ್ನೋಣ. ನಮ್ಮ 2480×3508ರ ಪತ್ರಿಕೆ 1131×1600 ಆಗುತ್ತದೆ. 87 ಲಕ್ಷ ಪಿಕ್ಸೆಲ್‌ನಲ್ಲಿ ಉಳಿದದ್ದು 18 ಲಕ್ಷ, ಐದರಲ್ಲಿ ಒಂದು ಪಾಲು. 300 ಡಿಪಿಐ ಇದ್ದದ್ದು 137ಕ್ಕೆ ಬಂತು.

ಇದರ ಪೆಟ್ಟು ಕನ್ನಡಕ್ಕೆ ಯಾಕೆ ಜಾಸ್ತಿ ಅಂತ ನೋಡಿ. ಕೊನೆಯಲ್ಲಿ "ಆಗಮನಾಭಿಲಾಷಿಗಳು" ಅಂತ ಹಾಕಿ ಸಣ್ಣ ಅಕ್ಷರದಲ್ಲಿ ಊರಿನವರ ಹೆಸರೆಲ್ಲ ಬರೆಯುತ್ತಾರಲ್ಲ, ಅದು 10 ಪಾಯಿಂಟ್ ಅನ್ನೋಣ. 300 ಡಿಪಿಐನಲ್ಲಿ ಒಂದು ಸಾಲಿನ ಎತ್ತರ ಸುಮಾರು 42 ಪಿಕ್ಸೆಲ್. 137ಕ್ಕೆ ಇಳಿದಾಗ 19. ಒತ್ತಕ್ಷರಕ್ಕೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ, ಎಂಟು ಪಿಕ್ಸೆಲ್ ಅನ್ನಿ. ಅಂದರೆ ಒಂದು ಇಡೀ ಒತ್ತಕ್ಷರ ಜೆಪೆಗ್‌ನ ಒಂದೇ ಚೌಕದೊಳಗೆ ಮುಗಿದುಹೋಗಬಹುದು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಅದಕ್ಕೆ ಉಳಿಯುವುದು ಒಂದೆರಡು ಪಿಕ್ಸೆಲ್. ಚೌಕದ ಕೊನೆಯ ಸಂಖ್ಯೆಗಳು ಸೊನ್ನೆಯಾದಾಗ ಮೊದಲು ಮಾಯವಾಗುವುದು ಅದೇ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಇದೇ ಅಳತೆಯಲ್ಲಿ ಇನ್ನೂ ಓದಲು ಬರುತ್ತಿರುತ್ತದೆ.

ಇನ್ನು ಫ್ಲೆಕ್ಸ್. 1600 ಪಿಕ್ಸೆಲ್‌ನ ಉದ್ದವನ್ನು 6 ಅಡಿಗೆ ಎಳೆದರೆ ಒಂದು ಇಂಚಿಗೆ 22 ಪಿಕ್ಸೆಲ್ ಬರುತ್ತದೆ. ಒಂದು ಪಿಕ್ಸೆಲ್ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು, ಜೆಪೆಗ್‌ನ ಒಂದು ಚೌಕ 9 ಮಿಲಿಮೀಟರ್. ಹತ್ತಿರ ನಿಂತರೆ ಚೌಕಗಳೇ ಕಾಣುತ್ತವೆ. ಅದೇ ಫ್ಲೆಕ್ಸಿನಲ್ಲಿ ಗೋಳಗುಮ್ಮಟದ ಫೋಟೋ ಇದ್ದರೆ ರಸ್ತೆಯ ಆಚೆಯಿಂದ ನೋಡುವವರಿಗೆ ಸುಮಾರಾಗಿ ಸರಿಯಾಗೇ ಕಾಣುತ್ತದೆ. ಗುಮ್ಮಟದ ಅಂಚು ಸ್ವಲ್ಪ ಮಸುಕಾದರೂ ಅದು ಗುಮ್ಮಟವೇ. ಮಸುಕಾದ ಧ ಮಾತ್ರ ದ ಆಗಿಬಿಡುತ್ತದೆ.

ಒಬ್ಬರು ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ, ಇನ್ನೊಬ್ಬರಿಗೆ ಕಳಿಸಿ, ಅವರು ಅದನ್ನು ಪಿಡಿಎಫ್ ಮಾಡಿ ಅಂಗಡಿಗೆ ತರುವುದೂ ಉಂಟು. "ಪಿಡಿಎಫ್ ಐತ್ರಿ, ಕ್ಲಿಯರ್ ಬರ್ತೈತಿ" ಅನ್ನುತ್ತಾರೆ. ಪಿಡಿಎಫ್ ಅನ್ನುವುದು ಬರೀ ಡಬ್ಬಿ. ಒಳಗೆ ವೆಕ್ಟರ್ ಗೆರೆಗಳೂ ಇರಬಹುದು, ಕೆಟ್ಟ ಜೆಪೆಗ್ ಕೂಡ ಇರಬಹುದು. ತಿಳಿಯುವುದು ಸುಲಭ. 800%ಗೆ ಹಿಗ್ಗಿಸಿದಾಗ ಅಕ್ಷರದ ಅಂಚು ನುಣುಪಾಗೇ ಇದ್ದರೆ ವೆಕ್ಟರ್, ಮೆಟ್ಟಿಲು ಮೆಟ್ಟಿಲಾದರೆ ಚಿತ್ರ.

ಸೇವ್ ಮಾಡಿದಷ್ಟೂ ಸಲ ಜೆಪೆಗ್ ಕೆಡುತ್ತಲೇ ಹೋಗುತ್ತದೆ ಅಂತ ಒಂದು ಮಾತಿದೆ. ಅದು ಅರ್ಧ ನಿಜ. ಏನೂ ಬದಲಿಸದೆ ಅದೇ ಸಾಫ್ಟ್‌ವೇರ್, ಅದೇ ಕ್ವಾಲಿಟಿಯಲ್ಲಿ ಮತ್ತೆ ಮತ್ತೆ ಸೇವ್ ಮಾಡಿದರೆ ಕೆಲವು ಸಲದ ನಂತರ ನಷ್ಟ ಹೆಚ್ಚುಕಮ್ಮಿ ನಿಂತುಹೋಗುತ್ತದೆ. 32 ಅನ್ನು 16ರಿಂದ ಭಾಗಿಸಿದರೆ ಸರಿಯಾಗಿ 2 ಬರುತ್ತದೆ, ಹೊಸದಾಗಿ ಕಳೆಯಲು ಏನಿದೆ? ತೊಂದರೆ ಶುರುವಾಗುವುದು ನಡುವೆ ಕತ್ತರಿಸಿದಾಗ, ಅಳತೆ ಬದಲಿಸಿದಾಗ. ಮೇಲಿನಿಂದ ಮೂರು ಪಿಕ್ಸೆಲ್ ಕತ್ತರಿಸಿದರೂ ಎಲ್ಲ ಚೌಕಗಳ ಗಡಿ ಸರಿಯುತ್ತದೆ. ಹಳೆಯ ಚೌಕದ ಕಲೆಯನ್ನು ಹೊಸ ಚೌಕ "ಇದೂ ಚಿತ್ರದ್ದೇ" ಅಂತ ನಂಬಿ, ಅದರ ಮೇಲೆ ತನ್ನ ಕಲೆ ಸೇರಿಸುತ್ತದೆ. ಸ್ಕ್ರೀನ್‌ಶಾಟ್, ಕ್ರಾಪ್, ಫಾರ್ವರ್ಡ್ ಅಂತ ತಿರುಗಾಡಿದ ಪತ್ರಿಕೆ ಹಾಳಾಗುವುದು ಹೀಗೆ.

ದಾರಿ ಕಷ್ಟದ್ದಲ್ಲ. ಅಂಗಡಿಯವರಿಂದ ಕೋರಲ್‌ನಿಂದ ನೇರವಾಗಿ ಮಾಡಿದ ಪಿಡಿಎಫ್ ಕೇಳಿ, ಅದನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿಸಿಕೊಳ್ಳಿ. ಡಾಕ್ಯುಮೆಂಟ್ ಆಗಿ ಹೋದ ಫೈಲು ಇದ್ದ ಹಾಗೇ ತಲುಪುತ್ತದೆ, ಜೆಪೆಗ್ ಆದರೂ ಅಷ್ಟೇ. ಪ್ರೆಸ್ಸಿಗೆ ಕೊಡುವಾಗ ಆಪರೇಟರ್‌ಗಳು ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್ ಮಾಡುತ್ತಾರೆ. ಆಚೆಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದಿದ್ದರೂ ಆಕಾರ ಕೆಡದಿರಲಿ ಅಂತ. ಆಕಾರದ ಮಟ್ಟಿಗೆ ಇದು ಸರಿ. ಆದರೆ ಅಲ್ಲಿ ಬೇರೆಯೇ ಒಂದು ನಷ್ಟ ಇದೆ. ಅದು ಈಗ ಅಕ್ಷರವಲ್ಲ, ಬರೀ ಗೆರೆ. ಮುಹೂರ್ತದ ಸಮಯ ತಪ್ಪಾಗಿದ್ದರೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಕರ್ವ್ಸ್ ಮಾಡದ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳಬೇಕು.

ಧ್ವನಿಯಲ್ಲೂ ಪೆಟ್ಟು ಬೀಳುವುದು ಚೂಪಿಗೇ

ಎಂಪಿತ್ರೀ ಕೂಡ ಲಾಸಿ. ಸಿಡಿ ಗುಣಮಟ್ಟದ ವೇವ್ ಫೈಲು ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ, 128 ಕೆಬಿಪಿಎಸ್‌ನ ಎಂಪಿತ್ರೀ ಒಂದು ಎಂಬಿಗಿಂತ ಸ್ವಲ್ಪ ಕಡಿಮೆ. ಭಜನೆಯ ರೆಕಾರ್ಡಿಂಗ್ ಒಂದನ್ನು ಹೀಗೆ ಮಾಡಿ ಕೇಳಿ. ಹಾಡುವವರ ದನಿ, ಹಾರ್ಮೋನಿಯಂ ಸುಮಾರಾಗಿ ಹಾಗೇ ಇರುತ್ತವೆ. ತಾಳದ "ಠಣ್" ಅನ್ನುವುದು ಮಾತ್ರ ಮೊಂಡಾಗಿ, "ಛಸ್" ಅನ್ನುವಂತೆ ಕೇಳುತ್ತದೆ. ಥಟ್ಟನೆ ಶುರುವಾಗುವ ಸದ್ದು ಧ್ವನಿಯ ಚೂಪಾದ ಅಂಚು. ಅದರ ತಪ್ಪು ಹಿಂದಕ್ಕೂ ಹರಡಿ, ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ಗೊರಕಲು ಕೇಳಿಸಬಹುದು. ಬಿಳಿ ಹಾಳೆಯ ಮೇಲಿನ ಬೂದು ಚುಕ್ಕೆಯ ಅಣ್ಣತಮ್ಮ ಇದು.

128ರ ಫೈಲನ್ನು 320 ಮಾಡಿದರೆ ಜಾಗ ಹೆಚ್ಚುತ್ತದೆ, ತಾಳ ವಾಪಸ್ ಬರುವುದಿಲ್ಲ. ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಡಿದರೆ ಗುಟ್ಟು ಸಿಕ್ಕಿಬೀಳುತ್ತದೆ. 16 ಸಾವಿರ ಹರ್ಟ್ಜ್ ಹತ್ತಿರ ಚಾಕು ಹಾಕಿ ಕೊಯ್ದ ಹಾಗೆ ಮೇಲೆಲ್ಲ ಖಾಲಿ ಇದ್ದರೆ, ಅದು ಒಮ್ಮೆ ಕಡಿಮೆ ಗುಣಮಟ್ಟದ ಎಂಪಿತ್ರೀ ಆಗಿದ್ದಿರಬೇಕು. ಹಳೆಯ ಕ್ಯಾಸೆಟ್ಟಿನ ಗೀಗೀ ಪದಗಳನ್ನು ಕಂಪ್ಯೂಟರಿಗೆ ಇಳಿಸುವವರು ಫ್ಲಾಕ್‌ನಲ್ಲಿ ಇಡಲಿ. ಅದು ಲಾಸ್‌ಲೆಸ್, ಹಂಚಲು ಬೇಕಾದಾಗ ಅದರಿಂದ ಎಂಪಿತ್ರೀ ತೆಗೆದುಕೊಳ್ಳಬಹುದು.

ಬರಹದ ಫೈಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ

ಕನ್ನಡ ಬರೆದ ನೋಟ್‌ಪ್ಯಾಡ್ ಫೈಲನ್ನು "ಆನ್ಸಿ" ಅಂತ, ಅಂದರೆ ಕನ್ನಡ ಇಲ್ಲದ ಹಳೆಯ ಅಕ್ಷರಪಟ್ಟಿಯಲ್ಲಿ, ಸೇವ್ ಮಾಡಿದರೆ ಪ್ರತಿ ಅಕ್ಷರದ ಜಾಗದಲ್ಲಿ ಒಂದೊಂದು `?` ಕೂರುತ್ತದೆ. ಇದು ಲಾಸಿಯಲ್ಲೇ ಅತಿ ಕ್ರೂರವಾದದ್ದು. `????` ಅನ್ನುವುದರಿಂದ ಮೂಲ ಬರಹ ಹುಡುಕಲು ಯಾವ ದಾರಿಯೂ ಇಲ್ಲ. ಆದರೆ ತೆರೆದಾಗ `à²¬` ಥರದ ಗೀಚು ಕಂಡರೆ ಗಾಬರಿ ಬೇಡ. ಅಲ್ಲಿ ಬೈಟ್‌ಗಳೆಲ್ಲ ಹಾಗೇ ಇವೆ, ಓದುವ ಸಾಫ್ಟ್‌ವೇರ್ ತಪ್ಪು ಪಟ್ಟಿ ಹಿಡಿದುಕೊಂಡಿದೆ ಅಷ್ಟೇ. `à²¬` ಅಂದರೆ "ಬ". ಸೇವ್ ಒತ್ತದೆ ಮುಚ್ಚಿ, ಯುಟಿಎಫ್-8 ಅಂತ ಆರಿಸಿ ತೆರೆದರೆ ಸರಿಹೋಗುತ್ತದೆ. ಎಕ್ಸೆಲ್ ಫೈಲನ್ನು ಸಿಎಸ್‌ವಿ ಮಾಡುವಾಗಲೂ ಇದನ್ನು ನೋಡಿಕೊಳ್ಳಿ. ಜೊತೆಗೆ ಅಲ್ಲಿ ಸೂತ್ರಗಳು ಮತ್ತು ತೆರೆದಿರುವ ಹಾಳೆಯೊಂದನ್ನು ಬಿಟ್ಟು ಉಳಿದ ಹಾಳೆಗಳು ಹೋಗುತ್ತವೆ.

ಚೊಕ್ಕಟವಾಗಿ ಕಾಣುವ ತಪ್ಪು

ಇಷ್ಟು ಹೊತ್ತು ಹೇಳಿದ ನಷ್ಟವೆಲ್ಲ ಕಣ್ಣಿಗೆ ಕಾಣುವಂಥದ್ದು. ಕಾಣದ ನಷ್ಟ ಇನ್ನೂ ಅಪಾಯದ್ದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ವಿಜ್ಞಾನಿ, ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್‌ಗಳು ಕಟ್ಟಡದ ನಕ್ಷೆಯಲ್ಲಿದ್ದ ಕೋಣೆಗಳ ಅಳತೆಯನ್ನೇ ಬದಲಿಸುತ್ತಿವೆ ಅಂತ ತೋರಿಸಿಕೊಟ್ಟರು. 6 ಇದ್ದ ಕಡೆ 8 ಬರುವುದೂ ಸಿಕ್ಕಿತು. ಕಾರಣ ಜೆಬಿಗ್2 ಅನ್ನುವ ವಿಧಾನದ ಲಾಸಿ ಬಗೆ. ಅದು ಹಾಳೆಯಲ್ಲಿ ಒಂದೇ ಥರ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತದೆ. ಸಣ್ಣ 6 ಮತ್ತು 8 ಅದಕ್ಕೆ ಒಂದೇ ಅನಿಸಿದವು. ಅಂಟಿಸಿದ 8 ಮಸುಕಾಗಿರುವುದಿಲ್ಲ, ಸ್ವಚ್ಛವಾಗಿ ಇರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

ಹೊಲದ ಉತಾರ, ಮಾರ್ಕ್ಸ್ ಕಾರ್ಡು ಸ್ಕ್ಯಾನ್ ಮಾಡಿ ಅರ್ಜಿಗೆ ಹಾಕುವಾಗ ಇದು ನೆನಪಿರಬೇಕು. ಅರ್ಜಿ "ಇಷ್ಟು ಕೆಬಿ ಒಳಗೆ" ಅನ್ನುತ್ತದೆ, ಜನ ಕ್ವಾಲಿಟಿಯನ್ನು ಪಾತಾಳಕ್ಕೆ ಇಳಿಸುತ್ತಾರೆ. ಮೊದಲು ಬಣ್ಣ ತೆಗೆದು ಗ್ರೇಸ್ಕೇಲ್ ಮಾಡಿ, ಸುತ್ತಲಿನ ಖಾಲಿ ಜಾಗ ಕತ್ತರಿಸಿ, 300 ಇದ್ದರೆ 200 ಡಿಪಿಐಗೆ ತನ್ನಿ. ಕ್ವಾಲಿಟಿಗೆ ಕೈ ಹಾಕುವುದು ಕೊನೆಗೆ. ಬರೀ ಅಕ್ಷರ ಇರುವ ಹಾಳೆಗೆ ಪೂರ್ತಿ ಕಪ್ಪು ಬಿಳುಪು ಮಾಡಿ ಫ್ಯಾಕ್ಸ್ ಜಿ4 ವಿಧಾನದ ಪಿಡಿಎಫ್ ಅಥವಾ ಟಿಫ್ ಆರಿಸಿದರೆ ಅಲ್ಲಿಂದ ಮುಂದೆ ನಷ್ಟವಿಲ್ಲ, ಫೈಲೂ ಚಿಕ್ಕದು. ಆದರೆ ನೀಲಿ ಸೀಲು ಕಪ್ಪಾಗುತ್ತದೆ, ಫೋಟೋ ಇದ್ದರೆ ಮಸಿಯಾಗುತ್ತದೆ. ಅಂಥ ಹಾಳೆಗೆ ಗ್ರೇಸ್ಕೇಲೇ ಸರಿ. ಕಳಿಸುವ ಮೊದಲು ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಂಡು ಸರ್ವೆ ನಂಬರ್, ಎಕರೆ ಗುಂಟೆಯ ಅಂಕಿಗಳನ್ನು ಒಂದೊಂದಾಗಿ ಓದಿ ಹೋಲಿಸಿ. 6, 8, 3 ಇರುವ ಕಡೆ ಎರಡು ಸಲ ನೋಡಿ.